ನಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತಲೇ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಚಿಕಿತ್ಸಾಲಯಕ್ಕೆ ಗುಬ್ಬಿ ಕಡೆಯ ಒಂದು ತೋಟದ ಮನೆಯಿಂದ ಹತ್ತು ವರ್ಷದ, 28 ಕಿಲೋ ತೂಕದ ಜೂಲಿ ಎಂಬ ಹೆಣ್ಣು ಲ್ಯಾಬ್ರಡಾರ್ ಬಂದಿತ್ತು. ಊಟ, ಓಡಾಟ ಎಲ್ಲವೂ ಸರಿಯಾಗಿದ್ದರೂ ಅದು ರಾತ್ರಿಯೆಲ್ಲ ನೀರು ಕೇಳುತ್ತಿತ್ತು, ಮನೆಯೊಳಗೇ ಮೂತ್ರ ಮಾಡುತ್ತಿತ್ತು. ರಕ್ತದ ಒಟ್ಟು ಕ್ಯಾಲ್ಸಿಯಂ ಡೆಸಿಲೀಟರಿಗೆ 13.4 ಮಿಲಿಗ್ರಾಂ ಇತ್ತು. ಅದರ ಕಾರಣ ಹುಡುಕುವಾಗ ಮನೆಯವರು ಕೇಳಿದ ಪ್ರಶ್ನೆಗಳನ್ನೂ, ಇಂಥದೇ ವರದಿ ಹಿಡಿದು ಬಂದ ಇತರರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ವರದಿಯಲ್ಲಿ ಕ್ಯಾಲ್ಸಿಯಂ ಹೆಚ್ಚು ಎಂದು ಬಂದಿದೆ. ಅದನ್ನು ಹಾಗೆಯೇ ನಂಬಬೇಕೇ?

ಮೊದಲ ವರದಿಯೊಂದನ್ನೇ ನಂಬಿ ಮುಂದುವರಿಯಬಾರದು. ನಮ್ಮ ಜಿಲ್ಲೆಯಲ್ಲಿ ನಾಯಿಗಳ ರಕ್ತವು ಬಹುಪಾಲು ಮನುಷ್ಯರ ಪ್ರಯೋಗಾಲಯಗಳಿಗೇ ಹೋಗುತ್ತದೆ. ಅಲ್ಲಿ ಮುದ್ರಿಸುವ ಸಹಜ ಮಿತಿ ಮನುಷ್ಯರದು. ಅದರ ಮೇಲಿನ ಅಂಚು ಸಾಮಾನ್ಯವಾಗಿ 10.5ರ ಆಸುಪಾಸಿನಲ್ಲಿರುತ್ತದೆ. ವಯಸ್ಕ ನಾಯಿಯಲ್ಲಿ ಸುಮಾರು 11.5ರವರೆಗೂ ಸಹಜವೇ, ಬೆಳೆಯುವ ಮರಿಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚಿರಬಹುದು. ಆದ್ದರಿಂದ 11 ಎಂಬ ಅಂಕಿಯ ಪಕ್ಕದಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಇದ್ದ ಮಾತ್ರಕ್ಕೆ ಗಾಬರಿಯಾಗಬೇಕಾಗಿಲ್ಲ.

ಎರಡನೆಯದಾಗಿ, ಊಟವಾದ ಮೇಲೆ ತೆಗೆದ ರಕ್ತದಲ್ಲಿ ಕೊಬ್ಬು ತೇಲುತ್ತಿದ್ದರೆ ಯಂತ್ರ ಕ್ಯಾಲ್ಸಿಯಂ ಅನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಹನ್ನೆರಡು ಗಂಟೆ ಉಪವಾಸವಿಟ್ಟು, ನೀರು ಮಾತ್ರ ಕೊಟ್ಟು, ಮತ್ತೊಮ್ಮೆ ರಕ್ತ ತೆಗೆಯಬೇಕು. ರಕ್ತವನ್ನು ಕೆಂಪು ಮುಚ್ಚಳದ ಸಾದಾ ಟ್ಯೂಬಿಗೆ ಹಾಕಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಅಂಕಿ ಸುಳ್ಳಾಗಿ ಇಳಿಯುತ್ತದೆ, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಮುಂದೆ ಅಡ್ರಿನಲ್ ಗ್ರಂಥಿಯ ವಿಷಯ ಬಂದಾಗ ಈ ಎರಡನೆಯ ತಪ್ಪು ನಮ್ಮನ್ನು ಬಹಳ ದೂರ ದಾರಿ ತಪ್ಪಿಸಬಲ್ಲದು.

ಎರಡು ವಾರದ ನಂತರ ಉಪವಾಸದಲ್ಲಿ ತೆಗೆದ ಜೂಲಿಯ ರಕ್ತದಲ್ಲಿ ಕ್ಯಾಲ್ಸಿಯಂ 13.7 ಬಂತು. ಅದು ನಿಜವೆಂದು ಆಗ ಒಪ್ಪಿಕೊಂಡೆವು.

ಅಯೋನೈಸ್ಡ್ ಕ್ಯಾಲ್ಸಿಯಂ ಎಂದರೇನು? ಅದನ್ನು ಬೇರೆಯಾಗಿ ಏಕೆ ಕೇಳುತ್ತೀರಿ?

ರಕ್ತದಲ್ಲಿರುವ ಕ್ಯಾಲ್ಸಿಯಂನ ಒಂದು ಪಾಲು ಆಲ್ಬುಮಿನ್ ಮುಂತಾದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಸಣ್ಣದೊಂದು ಪಾಲು ಫಾಸ್ಫೇಟ್, ಸಿಟ್ರೇಟ್‌ಗಳಂಥವುಗಳ ಜೊತೆ ಸೇರಿಕೊಂಡಿರುತ್ತದೆ, ಉಳಿದ ಸುಮಾರು ಅರ್ಧದಷ್ಟು ಬಿಡಿಯಾಗಿರುತ್ತದೆ. ಸ್ನಾಯು, ನರ, ಮೂತ್ರಪಿಂಡಗಳ ಮೇಲೆ ಕೆಲಸ ಮಾಡುವುದು ಈ ಬಿಡಿ ಪಾಲು ಮಾತ್ರ. ಅದನ್ನೇ ಅಯೋನೈಸ್ಡ್ ಕ್ಯಾಲ್ಸಿಯಂ ಎನ್ನುತ್ತೇವೆ. ಪ್ರೋಟೀನ್ ಹೆಚ್ಚಿದ ನಾಯಿಯಲ್ಲಿ ಒಟ್ಟು ಅಂಕಿ ಏರಿದ್ದರೂ ಬಿಡಿ ಪಾಲು ಸಹಜವಾಗಿರಬಹುದು. ಆಲ್ಬುಮಿನ್ ಅಂಕಿಯಿಂದ ಲೆಕ್ಕ ಹಾಕಿ ಸರಿಪಡಿಸುವ ಸೂತ್ರಗಳಿವೆ, ಆದರೆ ನಾಯಿಗಳಲ್ಲಿ ಅವು ನಂಬಲರ್ಹವಲ್ಲ ಎಂಬುದು ಸಾಬೀತಾಗಿರುವುದರಿಂದ ನಾನು ಅವನ್ನು ಬಳಸುವುದಿಲ್ಲ.

ಈ ಪರೀಕ್ಷೆಯಲ್ಲಿ ರಕ್ತಕ್ಕೆ ಗಾಳಿ ತಾಗಬಾರದು. ಗಾಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತದ ಆಮ್ಲೀಯತೆ ಕಡಿಮೆಯಾಗುತ್ತದೆ, ಆಗ ಬಿಡಿ ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಜೂಲಿಯಲ್ಲಿ ಈ ಅಂಕಿ ಲೀಟರಿಗೆ 1.74 ಮಿಲಿಮೋಲ್ ಬಂತು. ನಾವು ಕಳುಹಿಸಿದ ಪ್ರಯೋಗಾಲಯದ ಸಹಜ ಮಿತಿ 1.25ರಿಂದ 1.45.

ರಾಗಿ ಮುದ್ದೆ ಹಾಕುತ್ತೇವೆ, ಬೋರ್‌ವೆಲ್ ನೀರು ಕೊಡುತ್ತೇವೆ. ಅದರಿಂದ ಹೀಗಾಗಿದೆಯೇ?

ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಪೊರೆ ಕಟ್ಟುವಷ್ಟು ಗಡಸಾಗಿದೆ, ಎರಡೂ ನಿಜ. ಆದರೆ ಆರೋಗ್ಯವಂತ ನಾಯಿಯ ಕರುಳು ಬೇಕಾದಷ್ಟನ್ನೇ ಹೀರಿಕೊಳ್ಳುತ್ತದೆ, ಹೆಚ್ಚಾದದ್ದು ಮಲ ಮೂತ್ರಗಳಲ್ಲಿ ಹೋಗುತ್ತದೆ. ಊಟ ಮತ್ತು ನೀರಿನಿಂದಲೇ ಕ್ಯಾಲ್ಸಿಯಂ 13ಕ್ಕೆ ಏರಿ ಅಲ್ಲೇ ನಿಲ್ಲುವುದಿಲ್ಲ.

ವಿಟಮಿನ್ ಡಿ ಮಾತು ಬೇರೆ. ಮನೆಯ ಹಿರಿಯರಿಗೆ ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್‌ನ ಸ್ಯಾಷೆಯಲ್ಲಿ 1.5 ಮಿಲಿಗ್ರಾಂ ವಿಟಮಿನ್ ಡಿ3 ಇರುತ್ತದೆ. ದೇಹದ ತೂಕದ ಕಿಲೋಗೆ 0.1 ಮಿಲಿಗ್ರಾಂ ದಾಟಿದರೆ ನಾಯಿಯಲ್ಲಿ ವಿಷಬಾಧೆಯ ಲಕ್ಷಣ ಕಾಣಬಹುದಾದ್ದರಿಂದ ಹತ್ತು ಕಿಲೋ ನಾಯಿಗೆ ಒಂದೇ ಸ್ಯಾಷೆ ಅಪಾಯದ ಗೆರೆ ದಾಟಿಸುತ್ತದೆ. ಇಲ್ಲಿ ಕ್ಯಾಲ್ಸಿಯಂ ಜೊತೆಗೆ ಫಾಸ್ಫರಸ್ ಕೂಡ ಏರುತ್ತದೆ. ಡಿ3 ಸೇರಿಸಿದ ಕ್ಯಾಲ್ಸಿಯಂ ಸಿರಪ್ಪು, ಸೋರಿಯಾಸಿಸ್‌ಗೆ ಹಚ್ಚುವ ಕೆಲವು ಮುಲಾಮುಗಳನ್ನು ನೆಕ್ಕುವುದು, ಇವೂ ಇದೇ ಗುಂಪಿಗೆ ಸೇರುತ್ತವೆ. ನಾಚಿಕೊಳ್ಳದೆ ಎಲ್ಲವನ್ನೂ ವೈದ್ಯರಿಗೆ ಹೇಳಿ. ಜೂಲಿಯ ಮನೆಯಲ್ಲಿ ಇಂಥದ್ದೇನೂ ಇರಲಿಲ್ಲ.

ಇಷ್ಟೊಂದು ನೀರು ಏಕೆ ಕುಡಿಯುತ್ತದೆ? ಕಿಡ್ನಿ ಹೋಗಿದೆಯೇ?

“ಡಾಕ್ಟ್ರೇ, ಹಾಗಾದ್ರೆ ಕಿಡ್ನಿ ಹೋಯ್ತಾ?” ಎಂದೇ ಜೂಲಿಯ ಮನೆಯವರು ಕೇಳಿದ್ದರು, ಏಕೆಂದರೆ ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಹಾಗೆ ಹೇಳಿ ಕಿಡ್ನಿಯ ಪಥ್ಯ ಶುರು ಮಾಡಿಸಿದ್ದರು. ಕ್ಯಾಲ್ಸಿಯಂ ಹೆಚ್ಚಳದ ಲೆಕ್ಕ ಬಿಡಿಸುವುದರಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ.

ಮೂತ್ರವನ್ನು ಗಟ್ಟಿ ಮಾಡಲು ಮಿದುಳಿನಿಂದ ಒಂದು ಹಾರ್ಮೋನು ಮೂತ್ರಪಿಂಡಕ್ಕೆ ಬರುತ್ತದೆ. ಬಿಡಿ ಕ್ಯಾಲ್ಸಿಯಂ ಹೆಚ್ಚಾದಾಗ ಮೂತ್ರಪಿಂಡವು ಆ ಹಾರ್ಮೋನಿನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಮೂತ್ರ ನೀರಿನಂತೆ ಹರಿದು ಹೋಗುತ್ತದೆ, ಹೋದದ್ದನ್ನು ತುಂಬಲು ನಾಯಿ ಕುಡಿಯುತ್ತದೆ. ಅಂದರೆ ತೆಳು ಮೂತ್ರವು ಇಲ್ಲಿ ಮೂತ್ರಪಿಂಡ ಸತ್ತದ್ದರ ಗುರುತಾಗಿರಬೇಕೆಂದಿಲ್ಲ. ಮನೆಯಲ್ಲಿ 24 ಗಂಟೆ ಲೀಟರ್ ಬಾಟಲಿಯಿಂದ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ಕಿಲೋಗೆ 100 ಮಿಲಿಲೀಟರ್ ದಾಟಿದರೆ ಅದು ಖಂಡಿತ ಹೆಚ್ಚು. ಜೂಲಿಗೆ ಆ ಗೆರೆ 2.8 ಲೀಟರ್, ಅದು ಕುಡಿಯುತ್ತಿದ್ದದ್ದು ಮೂರೂವರೆ ಲೀಟರ್.

ಮೂತ್ರಪಿಂಡ ಕಾರಣವೋ ಬಲಿಪಶುವೋ ಎಂದು ತಿಳಿಯಲು ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡುತ್ತೇನೆ. ಮೊದಲನೆಯದು ಮೂತ್ರದ ಸಾಂದ್ರತೆ. ಸೋತ ಮೂತ್ರಪಿಂಡವು ಮೂತ್ರವನ್ನು ಗಟ್ಟಿ ಮಾಡಲಾರದು, ರಕ್ತದ ದ್ರವಕ್ಕಿಂತ ತೆಳು ಮಾಡಲೂ ಆರದು, ಅಂಕಿ 1.008ರಿಂದ 1.012ರ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಜೂಲಿಯ ಅಂಕಿ 1.005 ಇತ್ತು. ಅಷ್ಟು ತೆಳುವಾಗಿಸಲು ಮೂತ್ರಪಿಂಡ ದುಡಿಯುತ್ತಿರಲೇಬೇಕು. ಎರಡನೆಯದು ಫಾಸ್ಫರಸ್. ಕ್ಯಾಲ್ಸಿಯಂ ಏರುವಷ್ಟು ಮುಂದುವರಿದ ಮೂತ್ರಪಿಂಡದ ಕಾಯಿಲೆಯಲ್ಲಿ ಫಾಸ್ಫರಸ್ ಕೂಡ ಏರಿರುವುದು ವಾಡಿಕೆ, ಜೂಲಿಯದು 2.4, ಅಂದರೆ ಕೆಳ ಅಂಚಿಗಿಂತಲೂ ತುಸು ಕೆಳಗೆ. ಮೂರನೆಯದು ಬಿಡಿ ಕ್ಯಾಲ್ಸಿಯಂ. ಮೂತ್ರಪಿಂಡ ಸೋತ ಬಹುಪಾಲು ನಾಯಿಗಳಲ್ಲಿ ಒಟ್ಟು ಅಂಕಿ ಏರಿದ್ದರೂ ಬಿಡಿ ಪಾಲು ಸಹಜವಾಗಿಯೋ ಕಡಿಮೆಯೋ ಇರುತ್ತದೆ, ಏಕೆಂದರೆ ಹೆಚ್ಚಾದದ್ದು ಫಾಸ್ಫೇಟ್‌ನಂಥವುಗಳ ಜೊತೆ ಸೇರಿಕೊಂಡ ಪಾಲು. ಜೂಲಿಯಲ್ಲಿ ಬಿಡಿ ಪಾಲೇ ಏರಿತ್ತು. ಮೂತ್ರಪಿಂಡದ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ 1.5 ಎಂದು ಅಂಚಿನಲ್ಲಿದ್ದರೂ, ಮೂರೂ ಅಂಕಿಗಳು ಮೂತ್ರಪಿಂಡವನ್ನು ಮೂಲ ಕಾರಣದ ಪಟ್ಟಿಯಿಂದ ಹೊರಗಿಟ್ಟವು.

ಹಾಗೆಂದು ಅದು ಸುರಕ್ಷಿತ ಎಂದಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಅಂಕಿಗಳನ್ನು ಗುಣಿಸಿದಾಗ 70 ದಾಟಿದರೆ ಮೂತ್ರಪಿಂಡದಲ್ಲಿ, ರಕ್ತನಾಳಗಳಲ್ಲಿ ಸುಣ್ಣ ಕೂರುವ ಭಯವಿದೆ. ಜೂಲಿಯ ಗುಣಲಬ್ಧ ಸುಮಾರು 33. ಇದೇ ಕ್ಯಾಲ್ಸಿಯಂ ಜೊತೆ ಫಾಸ್ಫರಸ್ 7 ಇದ್ದಿದ್ದರೆ ಅದು 96 ಆಗುತ್ತಿತ್ತು, ಆಗ ನಾವು ಕಾರಣ ತಿಳಿಯುವ ಮೊದಲೇ ಅದೇ ದಿನ ಡ್ರಿಪ್ ಹಾಕಬೇಕಾಗುತ್ತಿತ್ತು.

ಕ್ಯಾನ್ಸರ್ ಇರಬಹುದು ಎಂದು ಹೇಳಿದ್ದಾರೆ. ಅದನ್ನು ಎಲ್ಲಿ ಹುಡುಕುತ್ತಾರೆ?

ನಾಯಿಗಳಲ್ಲಿ ಬಿಡಿ ಕ್ಯಾಲ್ಸಿಯಂ ಏರಿ ನಿಲ್ಲುವುದಕ್ಕೆ ಅತಿ ಸಾಮಾನ್ಯ ಕಾರಣ ಕ್ಯಾನ್ಸರೇ. ಆ ಮಾತನ್ನು ಮನೆಯವರಿಂದ ಮುಚ್ಚಿಡುವುದು ಸರಿಯಲ್ಲ. ಗೆಡ್ಡೆಯು ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನನ್ನು ಸುರಿಸುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತದೆ. ಹೀಗೆ ಮಾಡುವವುಗಳಲ್ಲಿ ಮೊದಲನೆಯದು ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ, ಎರಡನೆಯದು ಗುದದ ಪಕ್ಕದ ಚೀಲಗ್ರಂಥಿಯ ಕ್ಯಾನ್ಸರ್. ಮೂಳೆಮಜ್ಜೆಯ ಕ್ಯಾನ್ಸರಾದ ಮೈಯೆಲೋಮಾ ಮುಂತಾದವು ಇವುಗಳ ಹಿಂದೆ ಬರುತ್ತವೆ.

ಹುಡುಕಾಟ ಕೈಯಿಂದ ಆರಂಭವಾಗಬೇಕು. ದವಡೆಯ ಕೆಳಗೆ, ಭುಜದ ಮುಂದೆ, ಮೊಣಕಾಲ ಹಿಂದೆ ಇರುವ ದುಗ್ಧಗ್ರಂಥಿಗಳನ್ನು ಎರಡೂ ಕಡೆ ಹೋಲಿಸಿ ಮುಟ್ಟಿ ನೋಡಬೇಕು, ಊದಿದ್ದರೆ ಸೂಜಿಯಿಂದ ಕೋಶ ತೆಗೆಯಬೇಕು. ಆಮೇಲೆ ಗ್ಲೌಸ್ ಹಾಕಿ ಗುದದೊಳಗೆ ಬೆರಳಿಟ್ಟು ಪರೀಕ್ಷಿಸಬೇಕು. ಈ ಚೀಲಗಳು ಗಡಿಯಾರದ ನಾಲ್ಕು ಮತ್ತು ಎಂಟರ ಮುಳ್ಳಿನ ಜಾಗದಲ್ಲಿರುತ್ತವೆ. ಅಲ್ಲಿನ ಗೆಡ್ಡೆ ಕಡಲೆಕಾಳಿನಷ್ಟಿದ್ದರೂ ಕ್ಯಾಲ್ಸಿಯಂ ಏರಿಸಬಲ್ಲದು, ಹೊರಗಿನಿಂದ ಏನೂ ಕಾಣುವುದಿಲ್ಲ. ಮನೆಯವರ ಎದುರು ಸಂಕೋಚವೆನಿಸಿ ಈ ಒಂದು ನಿಮಿಷದ ಪರೀಕ್ಷೆಯನ್ನು ಬಿಟ್ಟು, ಸಾವಿರಾರು ರೂಪಾಯಿಯ ಸ್ಕ್ಯಾನಿಗೆ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ನಾಯಿಗೆ ಈ ಪರೀಕ್ಷೆ ಆಗಿರದಿದ್ದರೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ.

ಇವೆರಡರಲ್ಲೂ ಏನೂ ಸಿಗದಿದ್ದರೆ ಎದೆಯ ಎಕ್ಸ್‌ರೇ ತೆಗೆಯಬೇಕು, ಏಕೆಂದರೆ ಕ್ಯಾಲ್ಸಿಯಂ ಏರಿಸುವ ಲಿಂಫೋಮಾ ಕೆಲವೊಮ್ಮೆ ಹೃದಯದ ಮುಂದಿನ ಜಾಗದಲ್ಲಿ ಮಾತ್ರ ಅಡಗಿರುತ್ತದೆ. ಹೊಟ್ಟೆಯ ಸ್ಕ್ಯಾನಿನಲ್ಲಿ ಗುಲ್ಮ, ಯಕೃತ್ತು, ಮತ್ತು ಸೊಂಟದ ಕೆಳಗಿನ ದುಗ್ಧಗ್ರಂಥಿಗಳನ್ನು ನೋಡಬೇಕು. ಜೂಲಿಯಲ್ಲಿ ಇವೆಲ್ಲವೂ ಸ್ವಚ್ಛವಾಗಿದ್ದವು. ಕ್ಯಾನ್ಸರ್ ಇದ್ದ ನಾಯಿ ಸಾಮಾನ್ಯವಾಗಿ ವಾರಗಳಲ್ಲೇ ಸೊರಗುತ್ತದೆ. ಜೂಲಿ ತಿಂಗಳುಗಳಿಂದ ನೀರು ಕುಡಿಯುತ್ತಿದ್ದರೂ ಗುಂಡಗೆ, ಚುರುಕಾಗಿಯೇ ಇತ್ತು. ಇದು ಸಾಕ್ಷ್ಯವಲ್ಲ, ಆದರೆ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ.

ಸದ್ಯಕ್ಕೆ ಪ್ರೆಡ್ನಿಸೊಲೋನ್ ಕೊಟ್ಟು ನೋಡಬಾರದೇ? ಅದರಿಂದ ಕ್ಯಾಲ್ಸಿಯಂ ಇಳಿಯುತ್ತದಂತೆ.

ಇಳಿಯುತ್ತದೆ, ಆದ್ದರಿಂದಲೇ ಕೊಡಬಾರದು. ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್. ಅದು ಲಿಂಫೋಮಾದ ಕೋಶಗಳನ್ನು ಕೆಲವೇ ದಿನಗಳಲ್ಲಿ ಕರಗಿಸಿ, ಗ್ರಂಥಿಗಳನ್ನು ಕುಗ್ಗಿಸಿ, ಸೂಜಿಗೆ ಏನೂ ಸಿಗದಂತೆ ಮಾಡುತ್ತದೆ. ಕೆಲವು ವಾರಗಳಾದ ಮೇಲೆ ರೋಗ ಮರಳಿದಾಗ ಅದು ಕಿಮೊಥೆರಪಿಗೆ ಅಷ್ಟಾಗಿ ಜಗ್ಗುವುದಿಲ್ಲ. ಅಡ್ರಿನಲ್ ಗ್ರಂಥಿಯ ಪರೀಕ್ಷೆಯನ್ನೂ ಪ್ರೆಡ್ನಿಸೊಲೋನ್ ಕೆಡಿಸುತ್ತದೆ, ಏಕೆಂದರೆ ಯಂತ್ರ ಅದನ್ನೇ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಎಂದು ಎಣಿಸಿಬಿಡಬಹುದು. ನಮ್ಮ ಕಡೆ ಉಣ್ಣೆ ಜ್ವರವೆಂದು ಅನುಮಾನ ಬಂದ ಕೂಡಲೇ, ಪ್ಲೇಟ್‌ಲೆಟ್ ಕಡಿಮೆಯಿದೆ ಎಂದು, ಡಾಕ್ಸಿಸೈಕ್ಲಿನ್ ಜೊತೆ ಪ್ರೆಡ್ನಿಸೊಲೋನ್ ಸೇರಿಸುವ ರೂಢಿಯಿದೆ. ಹಾಗೆ ಕೊಟ್ಟಿದ್ದರೆ ಮಾತ್ರೆಯ ಪಟ್ಟಿಯನ್ನೇ ತಂದು ತೋರಿಸಿ.

ಕಾರಣ ಸಿಗುವವರೆಗೆ ಕ್ಯಾಲ್ಸಿಯಂ ಇಳಿಸಲೇಬೇಕಾದ ನಾಯಿಗೆ ನಾರ್ಮಲ್ ಸಲೈನ್ ಡ್ರಿಪ್ ಸರಿಯಾದದ್ದು. ರಿಂಗರ್ ಲ್ಯಾಕ್ಟೇಟ್‌ನಲ್ಲಿಯೇ ಸ್ವಲ್ಪ ಕ್ಯಾಲ್ಸಿಯಂ ಇರುವುದರಿಂದ ಅದು ಎರಡನೆಯ ಆಯ್ಕೆ. ದೇಹದ ನೀರು ತುಂಬಿದ ಮೇಲೆ ಮಾತ್ರ ಮೂತ್ರ ಹೆಚ್ಚಿಸುವ ಫ್ಯುರೋಸಮೈಡ್ ಕೊಡಬಹುದು. ಇನ್ನೂ ಇಳಿಯದಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುವ ಪಾಮಿಡ್ರೊನೇಟ್ ಅಥವಾ ಜೊಲೆಡ್ರೊನೇಟ್ ಡ್ರಿಪ್ ಇದೆ. ಇವು ಯಾವುವೂ ರೋಗನಿರ್ಣಯವನ್ನು ಮಸುಕು ಮಾಡುವುದಿಲ್ಲ.

ಅಡ್ರಿನಲ್ ಗ್ರಂಥಿಗೂ ಕ್ಯಾಲ್ಸಿಯಂಗೂ ಏನು ಸಂಬಂಧ?

ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆಯಲ್ಲಿ ಸುಮಾರು ಮೂರರಲ್ಲಿ ಒಂದು ನಾಯಿಗೆ ಕ್ಯಾಲ್ಸಿಯಂ ಏರುತ್ತದೆ. ಏರಿಕೆ ಸಾಮಾನ್ಯವಾಗಿ ಅಲ್ಪ, ಚಿಕಿತ್ಸೆ ಆರಂಭವಾದ ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಟ್ಟು ಬಿಟ್ಟು ವಾಂತಿ, ಭೇದಿ, ನಿತ್ರಾಣ, ಡ್ರಿಪ್ ಹಾಕಿದರೆ ಎರಡು ವಾರ ಚೆನ್ನಾಗಿದ್ದು ಮತ್ತೆ ಅದೇ ಕಥೆ, ಇದು ಅದರ ಚಹರೆ. ಸೋಡಿಯಂ ಅಂಕಿಯನ್ನು ಪೊಟ್ಯಾಸಿಯಂನಿಂದ ಭಾಗಿಸಿದಾಗ 27ಕ್ಕಿಂತ ಕಡಿಮೆ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಈ ಎರಡೂ ಸಹಜವಾಗಿರುವ ಅಡಿಸನ್ ಕೂಡ ಇದೆ. ಹೀಗಾಗಿ ಅದನ್ನು ತಳ್ಳಿಹಾಕಲು ಕಾರ್ಟಿಸಾಲ್ ನೋಡಬೇಕು: ಒಂದೇ ಬಾರಿ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಅಡಿಸನ್ ಬಹುತೇಕ ಇಲ್ಲವೆಂದೇ ಅರ್ಥ. ಕಡಿಮೆಯಿದ್ದರೆ ಇದೆ ಎಂದು ಹೇಳಲಾಗದು, ಆಗ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಚುಚ್ಚುಮದ್ದಿನ ಪರೀಕ್ಷೆ ಬೇಕು. ಜೂಲಿಯದು 4.1.

ಪಿಟಿಎಚ್ ವರದಿ “ನಾರ್ಮಲ್” ಎಂದು ಬಂದಿದೆ. ಹಾಗಾದರೆ ಪ್ಯಾರಾಥೈರಾಯ್ಡ್ ಸರಿಯಾಗಿದೆಯಲ್ಲವೇ?

ಅಲ್ಲ, ಮತ್ತು ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ ಎನ್ನುತ್ತೇನೆ.

ಕುತ್ತಿಗೆಯಲ್ಲಿ ಥೈರಾಯ್ಡ್‌ನ ಪ್ರತಿ ಪಕ್ಕಕ್ಕೂ ಎರಡರಂತೆ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಕ್ಯಾಲ್ಸಿಯಂ ಇಳಿದಾಗ ಪಿಟಿಎಚ್, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಸುರಿಸುವುದು, ಏರಿದಾಗ ಸುಮ್ಮನಾಗುವುದು ಅವುಗಳ ಕೆಲಸ. ಬಿಡಿ ಕ್ಯಾಲ್ಸಿಯಂ 1.74 ಇರುವಾಗ ಆರೋಗ್ಯವಂತ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕು, ಪಿಟಿಎಚ್ ಬಹುತೇಕ ಸೊನ್ನೆಗೆ ಇಳಿದಿರಬೇಕು. ಕ್ಯಾನ್ಸರ್, ವಿಟಮಿನ್ ಡಿ ವಿಷಬಾಧೆ, ಅಡಿಸನ್ ಈ ಮೂರರಲ್ಲೂ ಹಾಗೆಯೇ ಇಳಿದಿರುತ್ತದೆ. ಜೂಲಿಯ ಪಿಟಿಎಚ್ ಸಹಜ ಮಿತಿಯ ನಡುಭಾಗದಲ್ಲಿತ್ತು. ತೊಟ್ಟಿ ತುಂಬಿ ಹರಿಯುತ್ತಿರುವಾಗ ಮೋಟಾರು ಎಂದಿನಂತೆ ಓಡುತ್ತಿದೆ ಎಂದರೆ ಅದರ ಸ್ವಿಚ್ಚು ಕೆಟ್ಟಿದೆ ಎಂದೇ ಅರ್ಥ. ಮುದ್ರಿತ ಮಿತಿಯು ಸಹಜ ಕ್ಯಾಲ್ಸಿಯಂ ಇರುವ ನಾಯಿಗಳಿಂದ ಬಂದದ್ದು, ಆದ್ದರಿಂದ ಪಿಟಿಎಚ್ ಅನ್ನು ಅದೇ ಹೊತ್ತಿನಲ್ಲಿ ತೆಗೆದ ಬಿಡಿ ಕ್ಯಾಲ್ಸಿಯಂ ಪಕ್ಕದಲ್ಲಿಟ್ಟು ಮಾತ್ರ ಓದಬೇಕು.

ಇದಕ್ಕೆ ಒಂದು ಷರತ್ತಿದೆ. ಪಿಟಿಎಚ್ ಬೇಗ ಕೆಡುತ್ತದೆ. ರಕ್ತದ ದ್ರವವನ್ನು ಕೂಡಲೇ ಬೇರ್ಪಡಿಸಿ, ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿ, ಐಸ್ ಡಬ್ಬಿಯಲ್ಲಿ ಬೆಂಗಳೂರಿಗೆ ಕಳುಹಿಸಬೇಕು. ಎಪ್ಪತ್ತು ಕಿಲೋಮೀಟರು ದೊಡ್ಡದಲ್ಲವಾದರೂ ಬೇಸಿಗೆಯ ಮಧ್ಯಾಹ್ನ ಕೊರಿಯರ್ ಚೀಲದಲ್ಲಿ ಕರಗಿದ ಮಾದರಿಯಲ್ಲಿ ಪಿಟಿಎಚ್ ಸುಳ್ಳಾಗಿ ಇಳಿದು ಬರಬಹುದು, ಆಗ ಇಲ್ಲದ ಕ್ಯಾನ್ಸರನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಆಮೇಲೆ ಕುತ್ತಿಗೆಯ ಅಲ್ಟ್ರಾಸೌಂಡಿನಲ್ಲಿ ಜೂಲಿಯ ಎಡ ಥೈರಾಯ್ಡ್‌ಗೆ ಅಂಟಿದ 7 ಮಿಲಿಮೀಟರಿನ ಗಂಟು ಕಂಡಿತು. ಇದಕ್ಕೆ ನುರಿತ ಕೈ ಬೇಕು. ಗಂಟು ಕಾಣದಿದ್ದರೂ ಕಾಯಿಲೆ ಇಲ್ಲವೆಂದು ಹೇಳಲಾಗದು.

ಶಸ್ತ್ರಚಿಕಿತ್ಸೆ ಬೇಕೇ? ವಯಸ್ಸಾದ ನಾಯಿಗೆ ಹಾಗೆಯೇ ಬಿಡಬಹುದೇ?

ಈ ಗಂಟುಗಳಲ್ಲಿ ಬಹುಪಾಲು ಹರಡದ ಅಡೆನೋಮಾಗಳು. ಆ ಒಂದು ಗ್ರಂಥಿಯನ್ನು ತೆಗೆದರೆ ಕಾಯಿಲೆಯೇ ಹೋಗುತ್ತದೆ. ಬಿಟ್ಟರೆ ಮೂತ್ರದ ಸೋಂಕು ಮತ್ತು ಕ್ಯಾಲ್ಸಿಯಂ ಕಲ್ಲುಗಳು ಬರಬಹುದು. ಹತ್ತು ವರ್ಷ ಎಂಬುದೊಂದೇ ಕಾರಣಕ್ಕೆ ನಾನು ಬೇಡ ಎನ್ನುವುದಿಲ್ಲ. ಈ ಕಾಯಿಲೆ ಬರುವುದೇ ಆ ವಯಸ್ಸಿನ ನಾಯಿಗಳಿಗೆ. ಜೂಲಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಏನನ್ನು ಗಮನಿಸಬೇಕು?

ಈಗ ಅಪಾಯ ತಿರುಗಿ ನಿಲ್ಲುತ್ತದೆ. ಕೆಟ್ಟ ಗ್ರಂಥಿಯ ಅಬ್ಬರದಲ್ಲಿ ಉಳಿದ ಮೂರು ಗ್ರಂಥಿಗಳು ತಿಂಗಳುಗಟ್ಟಲೆ ಮಲಗಿರುತ್ತವೆ. ಅವು ಏಳುವ ಮೊದಲೇ ಕ್ಯಾಲ್ಸಿಯಂ ಕುಸಿಯಬಹುದು, ಸಾಮಾನ್ಯವಾಗಿ ಎರಡನೆಯ ದಿನದಿಂದ ಆರನೆಯ ದಿನದೊಳಗೆ. ಮೊದಲಿನ ಅಂಕಿ ಎಷ್ಟು ಎತ್ತರದಲ್ಲಿತ್ತೋ ಕುಸಿತದ ಭಯವೂ ಅಷ್ಟು ಹೆಚ್ಚು. ಆದ್ದರಿಂದ ಒಂದು ವಾರ ನಾಯಿಯನ್ನು ಆಸ್ಪತ್ರೆಯಲ್ಲೇ ಇಟ್ಟು ದಿನಕ್ಕೆ ಎರಡು ಬಾರಿ ಅಳೆಯುವುದು ಒಳ್ಳೆಯದು.

ಮೊದಲು ಕಾಣುವುದು ಮುಖ ಉಜ್ಜಿಕೊಳ್ಳುವುದು. ಆಮೇಲೆ ಚಡಪಡಿಕೆ, ಏದುಸಿರು, ಕಿವಿ ಮತ್ತು ತುಟಿಯ ಅದುರು, ಮರದಂತೆ ಬಿಗಿದ ನಡಿಗೆ, ಕೊನೆಗೆ ಫಿಟ್ಸ್. ಜೂಲಿ ಮೂರನೆಯ ದಿನ ಬೆಳಿಗ್ಗೆ ಮೂತಿಯನ್ನು ಚಾಪೆಗೆ ಉಜ್ಜತೊಡಗಿತು, ಕ್ಯಾಲ್ಸಿಯಂ 7.3 ಇತ್ತು. ಹೃದಯ ಬಡಿತ ಕೇಳುತ್ತಾ ಕ್ಯಾಲ್ಸಿಯಂ ಗ್ಲುಕೊನೇಟನ್ನು ರಕ್ತನಾಳಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಟ್ಟರು. ಅವಸರ ಮಾಡಿದರೆ ಹೃದಯ ನಿಲ್ಲಬಹುದು. ಜೊತೆಗೆ ಬಾಯಿಯ ಮೂಲಕ ವಿಟಮಿನ್ ಡಿಯ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಿಯೋಲ್ ಮತ್ತು ಕ್ಯಾಲ್ಸಿಯಂ ಮಾತ್ರೆ ಆರಂಭವಾಯಿತು.

ಆ ಮಾತ್ರೆಗಳನ್ನು ಎಷ್ಟು ದಿನ ಕೊಡಬೇಕು? ಕ್ಯಾಲ್ಸಿಯಂ ಮತ್ತೆ ಏರಬಹುದೇ?

ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಬೇಕಾಗಬಹುದು, ನಿಲ್ಲಿಸುವಾಗ ಹಂತ ಹಂತವಾಗಿ ಇಳಿಸಬೇಕು. ಈ ಅವಧಿಯಲ್ಲಿ ಕ್ಯಾಲ್ಸಿಯಂ ಅನ್ನು ಸಹಜ ಮಿತಿಯ ಕೆಳ ಅಂಚಿನಲ್ಲಿ, ಅಂದರೆ 8.5ರಿಂದ 9.5ರ ಸುಮಾರಿನಲ್ಲಿ ಇಡುವುದು ನಮ್ಮ ಗುರಿ. ಸ್ವಲ್ಪ ಕೊರತೆ ಇದ್ದರೆ ಮಾತ್ರ ಮಲಗಿದ ಗ್ರಂಥಿಗಳು ಏಳುತ್ತವೆ. ಅಂಕಿ 11 ಆಗಲಿ ಎಂದು ಮಾತ್ರೆ ಹೆಚ್ಚಿಸಿದರೆ ಅವು ಏಳುವುದೇ ಇಲ್ಲ.

ಉಳಿದ ಗ್ರಂಥಿಗಳಲ್ಲಿ ಇನ್ನೊಂದು ಮುಂದೆ ಕೆಡುವುದು ಕೆಲವು ನಾಯಿಗಳಲ್ಲಿ ಉಂಟು, ಆದ್ದರಿಂದ ಆರು ತಿಂಗಳಿಗೊಮ್ಮೆ ಉಪವಾಸದ ರಕ್ತ ಪರೀಕ್ಷೆ ಮಾಡಿಸಿ, ಮತ್ತು ನೀರು ಅಳೆಯುವ ಬಾಟಲಿಯನ್ನು ಎಸೆಯಬೇಡಿ. ಜೂಲಿಯ ಮಾತ್ರೆಗಳು ಹತ್ತನೆಯ ವಾರದಲ್ಲಿ ನಿಂತವು. ಆಗ ಕ್ಯಾಲ್ಸಿಯಂ 9.6 ಇತ್ತು, ದಿನಕ್ಕೆ ಒಂದೂಕಾಲು ಲೀಟರ್ ನೀರು ಕುಡಿಯುತ್ತಿತ್ತು, ರಾತ್ರಿ ಯಾರನ್ನೂ ಎಬ್ಬಿಸುತ್ತಿರಲಿಲ್ಲ.